ಗೆಲುವಿನ ಸರಣಿ ಅದೃಷ್ಟವೋ ಆಟವೋ? ಪಣಕ್ಕೆ ಮುನ್ನ ಎಕ್ಸ್‌ಜಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ಪಂದ್ಯಗಳ ಮೇಲೆ ಪಣ ಕಟ್ಟುವವರು ಮಾತಿಗೆ ಕುಳಿತಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಆದಷ್ಟು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಲೆಕ್ಕ ಬೇಡುವವು ಆಮೇಲೆ. ‘ಕೆಂಪು ತಂಡ’, ‘ನೀಲಿ ತಂಡ’ ಎಂದು ಬರುವಲ್ಲೆಲ್ಲ ಅಂಕಿಗಳು ವಿವರಣೆಗಾಗಿ ನಾನೇ ಹೂಡಿಕೊಂಡವು. ಹೆಸರಿರುವ ತಂಡಗಳ ಅಂಕಿಗಳು ನಿಜವಾದವು.

## ಮೊದಲ ಹೆಜ್ಜೆ

ಎಕ್ಸ್‌ಜಿ ಅಂದರೆ ನಿಜಕ್ಕೂ ಏನು? ಗೋಲುಗಳೇ ಕಣ್ಣೆದುರು ಇರುವಾಗ ಇದೇಕೆ ಬೇಕು?

ಎಕ್ಸ್‌ಜಿ ಎಂದರೆ ನಿರೀಕ್ಷಿತ ಗೋಲು. ಒಂದು ಹೊಡೆತ ಎಲ್ಲಿಂದ ಬಂತು, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ, ಚೆಂಡು ಆಟಗಾರನಿಗೆ ಹೇಗೆ ತಲುಪಿತು ಎಂಬುದನ್ನು ನೋಡಿ, ಹಿಂದೆ ಅಂಥದೇ ಸಾವಿರಾರು ಹೊಡೆತಗಳಲ್ಲಿ ಎಷ್ಟು ಪಾಲು ಗೋಲಾದವು ಎಂದು ಹೇಳುವ ಸಂಖ್ಯೆ ಅದು. ಪೆನಾಲ್ಟಿಗೆ ಸುಮಾರು 0.76 ರಿಂದ 0.79. ಎಲ್ಲ ಹೊಡೆತಗಳ ಸರಾಸರಿ ತೆಗೆದರೆ 0.10 ರ ಆಸುಪಾಸು, ಅಂದರೆ ಹತ್ತು ಹೊಡೆತಕ್ಕೆ ಒಂದು ಗೋಲು. ದೂರದಿಂದ ಬೀಸಿ ಹೊಡೆದದ್ದಕ್ಕೆ 0.03 ಸಿಕ್ಕರೆ ಹೆಚ್ಚು.

ಇದೇಕೆ ಬೇಕು ಎಂಬುದಕ್ಕೆ ಉತ್ತರ ಗೋಲುಗಳು ಅಪರೂಪ ಎಂಬುದರಲ್ಲಿದೆ. ಒಂದು ತಂಡ ಪಂದ್ಯಕ್ಕೆ ಒಂದೂಕಾಲು, ಒಂದೂವರೆ ಗೋಲು ಹೊಡೆಯುತ್ತದೆ. ಆದರೆ ಹನ್ನೆರಡು, ಹದಿಮೂರು ಬಾರಿ ಗುರಿಯತ್ತ ಹೊಡೆಯುತ್ತದೆ. ಕಂಬಕ್ಕೆ ತಾಗಿ ಒಳಗೆ ಹೋದ ಚೆಂಡಿಗೂ ಹೊರಗೆ ಹೋದ ಚೆಂಡಿಗೂ ಫಲಿತಾಂಶದಲ್ಲಿ ಅಜಗಜಾಂತರ, ಆಟದಲ್ಲಿ ಬೆರಳಗಲದ ವ್ಯತ್ಯಾಸ. ಮುಂದಿನ ಪಂದ್ಯದ ಬಗ್ಗೆ ಯೋಚಿಸುವವನಿಗೆ ಆ ಅವಕಾಶ ಹುಟ್ಟಿತೋ ಇಲ್ಲವೋ ಎಂಬುದು ಮುಖ್ಯ. ಎಕ್ಸ್‌ಜಿ ಎಣಿಸುವುದು ಅದನ್ನೇ.

ನನ್ನ ತಂಡ 2.1–0.8 ರಂತೆ ಎಕ್ಸ್‌ಜಿಯಲ್ಲಿ ಮುಂದಿದ್ದರೂ ಸೋತಿತು. ಅನ್ಯಾಯವಾಯಿತು ಅಲ್ಲವೇ?

ಆಗಿರಬಹುದು, ಆಗದೆಯೂ ಇರಬಹುದು. ಒಂದು ಪಂದ್ಯದ ಮೊತ್ತವನ್ನು ನಂಬುವ ಮೊದಲು ಅದು ಹೇಗೆ ಕೂಡಿತು ಎಂದು ನೋಡಿ.

ಒಬ್ಬ ಆಟಗಾರ ಪೆನಾಲ್ಟಿ ಹೊಡೆಯುತ್ತಾನೆ: 0.76. ಕೀಪರ್ ತಡೆಯುತ್ತಾನೆ. ಚೆಂಡು ಪುಟಿದು ಮತ್ತೆ ಅವನ ಕಾಲಿಗೇ ಬರುತ್ತದೆ, ಮತ್ತೆ ಹೊಡೆಯುತ್ತಾನೆ: 0.40. ಅದೂ ಹೊರಗೆ. ಎರಡನ್ನೂ ಸುಮ್ಮನೆ ಕೂಡಿದರೆ 1.16. ಆದರೆ ಆ ಗಳಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಗೋಲು ಬರಲು ಸಾಧ್ಯವೇ ಇರಲಿಲ್ಲ. ಮೊದಲನೆಯದು ಗೋಲಾಗಿದ್ದರೆ ಎರಡನೆಯ ಹೊಡೆತವೇ ಇರುತ್ತಿರಲಿಲ್ಲ. ಎರಡೂ ತಪ್ಪುವ ಸಾಧ್ಯತೆ 0.24 × 0.60, ಅಂದರೆ 0.144. ಹಾಗಾಗಿ ಆ ದಾಳಿಯ ನಿಜವಾದ ಬೆಲೆ 0.856. ಕೆಲವು ತಾಣಗಳು ಹೀಗೆ ಸರಿಪಡಿಸಿಯೇ ಕೊಡುತ್ತವೆ, ಕೆಲವು ಕೂಡಿಬಿಡುತ್ತವೆ.

ಈಗ ನಿಮ್ಮ 2.1 ಕ್ಕೆ ಬನ್ನಿ. ಅದರಲ್ಲಿ 1.16 ಇಂಥ ಒಂದೇ ಗಳಿಗೆಯಿಂದ ಬಂದಿದ್ದರೆ ಉಳಿದ ತೊಂಬತ್ತು ನಿಮಿಷಗಳಲ್ಲಿ ತಂಡ ಮಾಡಿದ್ದು 0.94 ಮಾತ್ರ. ಅದು ಮೇಲುಗೈಯಲ್ಲ. ಒಂದು ಪಂದ್ಯದ ಎಕ್ಸ್‌ಜಿಯ ಮೇಲೆ ಪಣದ ತೀರ್ಮಾನ ನಿಲ್ಲಿಸಬೇಡಿ.

ಹಾಗಾದರೆ ಎಷ್ಟು ಪಂದ್ಯ ನೋಡಬೇಕು?

ನಾನು ಹತ್ತಕ್ಕಿಂತ ಕಡಿಮೆ ಇದ್ದರೆ ಹಿಂದಿನ ಋತುವಿನ ಅಂಕಿಗಳ ಬೆಂಬಲವಿಲ್ಲದೆ ಮಾತಾಡುವುದಿಲ್ಲ. ನಾಲ್ಕೈದು ಪಂದ್ಯಗಳಾದಾಗ ಎದುರಾಳಿಗಳು ಯಾರಿದ್ದರು ಎಂಬುದೇ ಅಂಕಿಯನ್ನು ಆಳುತ್ತದೆ. ಮೂರು ಬಲಿಷ್ಠ ತಂಡಗಳ ಎದುರು ಆಡಿದವನ ಎಕ್ಸ್‌ಜಿ ಕೆಟ್ಟದಾಗಿ ಕಾಣಲೇಬೇಕು. ಹತ್ತರಿಂದ ಹದಿನೈದು ಪಂದ್ಯಗಳ ಹೊತ್ತಿಗೆ ಎಕ್ಸ್‌ಜಿ ವ್ಯತ್ಯಾಸ ತಂಡದ ಮಟ್ಟವನ್ನು ಒಂದು ಹದಕ್ಕೆ ತೋರಿಸುತ್ತದೆ. ಕೋಚ್ ಬದಲಾಗಿದ್ದರೆ, ಮುಖ್ಯ ಆಟಗಾರ ಹೊರಟುಹೋಗಿದ್ದರೆ ಎಣಿಕೆ ಅಲ್ಲಿಂದ ಹೊಸದಾಗಿ ಶುರು.

ಅಂಕಿಗಳು ಎಲ್ಲಿ ಸಿಗುತ್ತವೆ? ಎರಡು ತಾಣಗಳಲ್ಲಿ ಒಂದೇ ಪಂದ್ಯಕ್ಕೆ ಬೇರೆ ಬೇರೆ ಸಂಖ್ಯೆ ಏಕೆ?

Understat ತಾಣದಲ್ಲಿ ಯುರೋಪಿನ ಐದು ದೊಡ್ಡ ಲೀಗ್‌ಗಳು ಮತ್ತು ರಷ್ಯಾದ ಲೀಗ್‌ನ ಅಂಕಿಗಳು 2014–15 ರ ಋತುವಿನಿಂದ ಉಚಿತವಾಗಿ ಇವೆ. ಪ್ರತಿ ಹೊಡೆತವನ್ನೂ ಬಿಡಿಬಿಡಿಯಾಗಿ ನೋಡಬಹುದು, ಅದೇ ಅದರ ದೊಡ್ಡ ಉಪಕಾರ. ಸಂಖ್ಯೆಗಳು ಬೇರೆಯಾಗುವುದು ಮಾದರಿಗಳು ಬೇರೆಯಾಗಿರುವುದರಿಂದ. ಒಂದು ಮಾದರಿ ಹೊಡೆದ ಜಾಗ ಮತ್ತು ವಿಧಾನವನ್ನಷ್ಟೇ ನೋಡುತ್ತದೆ. ಇನ್ನೊಂದು ಆ ಕ್ಷಣದಲ್ಲಿ ಕೀಪರ್ ಎಲ್ಲಿದ್ದ, ಮಧ್ಯೆ ಎಷ್ಟು ಕಾಲುಗಳಿದ್ದವು ಎಂಬುದನ್ನೂ ಸೇರಿಸುತ್ತದೆ. ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಇರಿ. ನಿಮ್ಮ ಅಭಿಪ್ರಾಯಕ್ಕೆ ಒಪ್ಪುವ ಸಂಖ್ಯೆ ಸಿಗುವ ತನಕ ತಾಣದಿಂದ ತಾಣಕ್ಕೆ ಹೋಗುವುದು ಕೆಟ್ಟ ಚಾಳಿ.

## ಸರಣಿಯನ್ನು ಬಿಡಿಸಿ ನೋಡುವುದು

ಹತ್ತು ಪಂದ್ಯದಲ್ಲಿ ಏಳು ಗೆದ್ದ ತಂಡವೊಂದಿದೆ. ಅದು ಅದೃಷ್ಟವೋ ಅಲ್ಲವೋ ಎಂದು ಯಾವ ಕ್ರಮದಲ್ಲಿ ನೋಡಲಿ?

ನಮ್ಮ ಕೆಂಪು ತಂಡವನ್ನು ತೆಗೆದುಕೊಳ್ಳೋಣ. ಹತ್ತು ಪಂದ್ಯ, ಏಳು ಗೆಲುವು, ಎರಡು ಡ್ರಾ, ಒಂದು ಸೋಲು, 23 ಅಂಕ. ಹೊಡೆದ ಗೋಲು 20, ಬಿಟ್ಟುಕೊಟ್ಟದ್ದು 8. ಪಟ್ಟಿಯಲ್ಲಿ ಎರಡನೆಯ ಸ್ಥಾನ. ಎಕ್ಸ್‌ಜಿ ಮಾತ್ರ 14.2, ಎದುರಾಳಿಗಳ ಎಕ್ಸ್‌ಜಿ 12.6.

ಮೊದಲು ಪೆನಾಲ್ಟಿಗಳನ್ನು ಹೊರಗಿಡಿ. ಕೆಂಪು ತಂಡಕ್ಕೆ ನಾಲ್ಕು ಪೆನಾಲ್ಟಿ ಸಿಕ್ಕಿದ್ದವು, ನಾಲ್ಕೂ ಗೋಲು. ಎದುರಾಳಿಗಳಿಗೆ ಸಿಕ್ಕಿದ್ದು ಒಂದು, ಅದನ್ನು ಕೀಪರ್ ತಡೆದ. ಹತ್ತು ಪಂದ್ಯಕ್ಕೆ ನಾಲ್ಕು ಪೆನಾಲ್ಟಿ ಯಾವ ತಂಡಕ್ಕೂ ಮುಂದುವರಿಯುವ ವರಮಾನವಲ್ಲ. ನಾಲ್ಕು ಪೆನಾಲ್ಟಿಯ ಎಕ್ಸ್‌ಜಿ ಸುಮಾರು 3.0, ಒಂದರದ್ದು ಸುಮಾರು 0.8. ಅವನ್ನು ಕಳೆದರೆ ಉಳಿಯುವ ಚಿತ್ರ ಹೀಗಿದೆ: ಆಟದಿಂದ ಬಂದ ಗೋಲು 16, ಅದಕ್ಕೆ ಎಕ್ಸ್‌ಜಿ 11.2. ಬಿಟ್ಟುಕೊಟ್ಟ ಗೋಲು 8, ಅದಕ್ಕೆ ಎಕ್ಸ್‌ಜಿ 11.8.

ಇಲ್ಲಿ ಸ್ವಲ್ಪ ನಿಲ್ಲಿ. ಪಟ್ಟಿಯಲ್ಲಿ ಗೋಲು ವ್ಯತ್ಯಾಸ +12. ಪೆನಾಲ್ಟಿ ಕಳೆದರೆ +8. ಅವಕಾಶಗಳ ವ್ಯತ್ಯಾಸ −0.6. ಎರಡನೆಯ ಸ್ಥಾನದ ತಂಡ ಆಟದಲ್ಲಿ ತನ್ನ ಎದುರಾಳಿಗಳಿಗೆ ಸರಿಸಮ, ಅಷ್ಟೇ. +12 ಎಂಬ ಹಿಗ್ಗು ಬಂದದ್ದು ಮೂರು ಕಡೆಯಿಂದ: ಪೆನಾಲ್ಟಿಯಿಂದ 4, ಮುಂಪಡೆಯವರು ಅವಕಾಶಕ್ಕಿಂತ ಹೆಚ್ಚು ಗೋಲು ಮಾಡಿದ್ದರಿಂದ 4.8, ಕೀಪರ್ ಮತ್ತು ಎದುರಾಳಿಗಳ ತಪ್ಪು ಗುರಿಯಿಂದ 3.8.

ಈ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬೇರೆ ಬೇರೆ ಬರೆದುಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು. ‘ಎಕ್ಸ್‌ಜಿಗಿಂತ ಹೆಚ್ಚು ಗೋಲು, ಆದ್ದರಿಂದ ಅದೃಷ್ಟ’ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರೆ ಯಾವ ಭಾಗ ಕರಗುತ್ತದೆ, ಯಾವುದು ಉಳಿಯಬಹುದು ಎಂಬುದು ಗೊತ್ತಾಗುವುದಿಲ್ಲ.

ಇಷ್ಟು ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಬರಲು ಸಾಧ್ಯವೇ?

ಸಾಧ್ಯ, ಮತ್ತು ಜನ ಊಹಿಸುವುದಕ್ಕಿಂತ ಸುಲಭವಾಗಿ. 11.2 ಎಕ್ಸ್‌ಜಿಯ ಹೊಡೆತಗಳನ್ನು ಮತ್ತೆ ಮತ್ತೆ ಹೊಡೆಸಿದರೆ ಗೋಲುಗಳ ಸಂಖ್ಯೆ 11 ರ ಸುತ್ತ ಮೂರು ಗೋಲಿನಷ್ಟು ಅತ್ತಿತ್ತ ತೂಗಾಡುವುದು ಮಾಮೂಲು. 16 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಸರಿಸುಮಾರು ನೂರಕ್ಕೆ ಎಂಟು. ಹಾಗೆಯೇ 11.8 ಎಕ್ಸ್‌ಜಿಗೆ ಎಂಟೇ ಗೋಲು ಅಥವಾ ಕಡಿಮೆ ಬಿಟ್ಟುಕೊಡುವುದು ನೂರಕ್ಕೆ ಹದಿನೈದು.

ನೂರಕ್ಕೆ ಎಂಟು ಎಂದರೆ ಅಪರೂಪ ಅನಿಸುತ್ತದೆ. ಆದರೆ ಲೀಗಿನಲ್ಲಿ ಇಪ್ಪತ್ತು ತಂಡಗಳಿವೆ. ಇಪ್ಪತ್ತು ತಂಡಗಳಲ್ಲಿ ಒಂದೋ ಎರಡೋ ಯಾವಾಗಲೂ ಇಂಥ ಸ್ಥಿತಿಯಲ್ಲಿ ಇರಲೇಬೇಕು. ನೀವು ಕೆಂಪು ತಂಡವನ್ನು ಚೀಟಿ ಎತ್ತಿ ಆರಿಸಿಕೊಳ್ಳಲಿಲ್ಲ; ಅದು ಗೆಲ್ಲುತ್ತಿದೆ ಎಂದೇ ಅದರ ಕಡೆಗೆ ನೋಡಿದಿರಿ. ಗೆಲ್ಲುತ್ತಿರುವವರ ನಡುವೆ ಅದೃಷ್ಟವಂತರು ಹೆಚ್ಚಿರುತ್ತಾರೆ, ಏಕೆಂದರೆ ಅದೃಷ್ಟವೇ ಅವರಲ್ಲಿ ಹಲವರನ್ನು ಆ ಸಾಲಿಗೆ ತಂದಿದೆ.

ಮುನ್ನಡೆ ಸಿಕ್ಕ ಮೇಲೆ ತಂಡ ಹಿಂದೆ ಸರಿದು ಕಾಯುತ್ತದೆ. ಅದರ ಎಕ್ಸ್‌ಜಿ ಕೆಟ್ಟದಾಗಿ ಕಾಣುವುದು ಅದಕ್ಕೇ ಅಲ್ಲವೇ?

ಇದು ಒಳ್ಳೆಯ ಆಕ್ಷೇಪ, ಮತ್ತು ಹಲವು ಬಾರಿ ನಿಜ. 2–0 ಮುಂದಿರುವ ತಂಡಕ್ಕೆ ಮೂರನೆಯ ಗೋಲಿನ ಹಂಬಲ ಕಡಿಮೆ. ಸೋಲುತ್ತಿರುವವರು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಾರೆ, ಹೊಡೆತಗಳು ಅವರ ಕಡೆಯಿಂದಲೇ ಹೆಚ್ಚು ಬರುತ್ತವೆ. ಆದ್ದರಿಂದ ಎಕ್ಸ್‌ಜಿಯನ್ನು ಸ್ಕೋರಿನ ಸ್ಥಿತಿಯ ಪ್ರಕಾರ ಒಡೆದು ನೋಡಬೇಕು. Understat ನಲ್ಲಿ ತಂಡದ ಪುಟಕ್ಕೆ ಹೋದರೆ ‘Game state’ ಎಂಬ ವಿಭಾಗದಲ್ಲಿ ಸಮಬಲದಲ್ಲಿದ್ದಾಗ, ಮುಂದಿದ್ದಾಗ, ಹಿಂದಿದ್ದಾಗ ಎಷ್ಟೆಷ್ಟು ನಿಮಿಷ, ಎಷ್ಟೆಷ್ಟು ಎಕ್ಸ್‌ಜಿ ಎಂದು ಸಿಗುತ್ತದೆ.

ಕೆಂಪು ತಂಡದ 900 ನಿಮಿಷಗಳಲ್ಲಿ 430 ನಿಮಿಷ ಸ್ಕೋರು ಸಮ ಇತ್ತು ಎನ್ನೋಣ. ಆ ಹೊತ್ತಿನಲ್ಲಿ ಅದರ ಎಕ್ಸ್‌ಜಿ 5.0, ಎದುರಾಳಿಗಳದ್ದು 4.6. ಮುನ್ನಡೆಯಲ್ಲಿದ್ದ 390 ನಿಮಿಷಗಳಲ್ಲಿ 4.9 ಮತ್ತು 6.4. ಅಂದರೆ ಬಿಟ್ಟುಕೊಟ್ಟ ಅವಕಾಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುನ್ನಡೆ ಕಾಯುವಾಗ ಬಂದಿವೆ. ಇದು ತಂಡದ ಪರವಾದ ಸಾಕ್ಷಿ, ಒಪ್ಪೋಣ. ಆದರೆ ಎಷ್ಟು ಪರ? ಸಮಬಲದ ಹೊತ್ತಿನಲ್ಲಿ ತೊಂಬತ್ತು ನಿಮಿಷಕ್ಕೆ 1.05 ಕ್ಕೆ 0.96. ಸರಾಸರಿಗಿಂತ ಕೂದಲೆಳೆಯಷ್ಟು ಮೇಲು. ನಿಜವಾದ ದೊಡ್ಡ ತಂಡ ಸ್ಕೋರು ಸಮ ಇರುವಾಗಲೇ ಎದುರಾಳಿಯನ್ನು ಒತ್ತಿಹಿಡಿಯುತ್ತದೆ; ಅಲ್ಲಿ ಅಂತರ ಎದ್ದು ಕಾಣದಿದ್ದರೆ ‘ಅವರು ಬೇಕೆಂದೇ ಹಿಂದೆ ಸರಿದರು’ ಎಂಬ ವಾದ ತಂಡವನ್ನು ಎರಡನೆಯ ಸ್ಥಾನದಲ್ಲಿ ನಿಲ್ಲಿಸಲಾರದು.

ಒಳ್ಳೆಯ ಸ್ಟ್ರೈಕರ್ ಇದ್ದಾನೆ, ಒಳ್ಳೆಯ ಕೀಪರ್ ಇದ್ದಾನೆ. ಅದನ್ನೂ ಅದೃಷ್ಟ ಎನ್ನುತ್ತೀರಾ?

ಇಲ್ಲ. ಕೌಶಲ ಇದೆ, ಆದರೆ ಅದನ್ನು ಗುರುತಿಸಲು ಹತ್ತು ಪಂದ್ಯ ಸಾಲದು. ಟಾಟನ್‌ಹ್ಯಾಮ್‌ನಲ್ಲಿದ್ದಾಗ ಸನ್ ಹ್ಯೂಂಗ್-ಮಿನ್ ಹಲವು ಋತುಗಳಲ್ಲಿ ತನ್ನ ಎಕ್ಸ್‌ಜಿಯನ್ನು ಮೀರಿ ಗೋಲು ಮಾಡಿದ. 2021–22 ರಲ್ಲಿ ಒಂದೂ ಪೆನಾಲ್ಟಿ ಇಲ್ಲದೆ 23 ಗೋಲು. ಎರಡೂ ಕಾಲಿನಲ್ಲಿ ಸಮನಾಗಿ ಹೊಡೆಯುವ ಅಂಥವರನ್ನು ಅದೃಷ್ಟವಂತರು ಎನ್ನುವುದು ತಪ್ಪು. ಆದರೆ ಅಂಥವರು ಬೆರಳೆಣಿಕೆಯಷ್ಟು, ಮತ್ತು ಅವರ ಹೆಸರು ಎಲ್ಲರಿಗೂ ಮೊದಲೇ ಗೊತ್ತು. ನಿಮ್ಮ ತಂಡದ ಮುಂಪಡೆಯವನು ಹಿಂದಿನ ಮೂರು ಋತುಗಳಲ್ಲಿ ಎಕ್ಸ್‌ಜಿಗೆ ಸಮನಾಗಿಯೇ ಗೋಲು ಮಾಡಿದ್ದು, ಈ ಹತ್ತು ಪಂದ್ಯಗಳಲ್ಲಿ ಮಾತ್ರ ದುಪ್ಪಟ್ಟು ಮಾಡಿದ್ದರೆ ಅವನು ಹೊಸ ಆಟಗಾರನಾಗಿಲ್ಲ. ಚೆಂಡು ಒಳಗೆ ಹೋಗುತ್ತಿದೆ, ಅಷ್ಟೇ.

ಕೀಪರ್ ವಿಷಯ ಇನ್ನೂ ಸೂಕ್ಷ್ಮ. 2017ರ ಡಿಸೆಂಬರ್ 2 ರಂದು ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಆರ್ಸೆನಲ್ 33 ಬಾರಿ ಗುರಿಯತ್ತ ಹೊಡೆಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಡೇವಿಡ್ ಡಿ ಹೆಯಾ 14 ಚೆಂಡು ತಡೆದ. ಗೆದ್ದದ್ದು ಯುನೈಟೆಡ್, 3–1. ಆ ಋತುವಿಡೀ ಯುನೈಟೆಡ್ ಬಿಟ್ಟುಕೊಟ್ಟ ಗೋಲು 28, ಎದುರಾಳಿಗಳ ಎಕ್ಸ್‌ಜಿ ಅದಕ್ಕಿಂತ ಬಹಳ ಮೇಲಿತ್ತು. 81 ಅಂಕದೊಂದಿಗೆ ಎರಡನೆಯ ಸ್ಥಾನ. ಡಿ ಹೆಯಾ ಆಗ ಜಗತ್ತಿನ ಅತ್ಯುತ್ತಮ ಕೀಪರ್‌ಗಳಲ್ಲಿ ಒಬ್ಬ, ಅನುಮಾನವಿಲ್ಲ. ಮುಂದಿನ ಋತುವಿನಲ್ಲಿ ಅದೇ ಕೀಪರ್ ಅದೇ ಗೋಲಿನಲ್ಲಿ ನಿಂತ. ಬಿಟ್ಟುಕೊಟ್ಟದ್ದು 54. ಕೌಶಲ ಒಂದು ಬೇಸಗೆಯಲ್ಲಿ ಆವಿಯಾಗಲಿಲ್ಲ. 28 ಎಂಬುದರಲ್ಲಿ ಕೌಶಲದ ಜೊತೆಗೆ ಮುಂದುವರಿಯಲಾಗದ ಪಾಲೂ ಇತ್ತು, ರಕ್ಷಣೆಯೂ ಸಡಿಲವಾಗಿತ್ತು. ಅವಕಾಶಗಳನ್ನು ಧಾರಾಳವಾಗಿ ಕೊಡುತ್ತಾ ಕೀಪರ್‌ನಿಂದ ಬದುಕುವ ತಂಡದ ಬಗ್ಗೆ ನಾನು ಎಚ್ಚರವಾಗಿರಲು ಕಲಿತದ್ದು ಈ ಎರಡು ಋತುಗಳಿಂದ.

ಕೆಟ್ಟ ಫಲಿತಾಂಶದಿಂದ ಹೀಗೆ ಎದ್ದುಬಂದ ತಂಡ ನಿಜಕ್ಕೂ ಇದೆಯೇ?

2014–15 ರ ಬೊರುಸ್ಸಿಯಾ ಡಾರ್ಟ್‌ಮುಂಡ್. ಕೋಚ್ ಯುರ್ಗನ್ ಕ್ಲಾಪ್ ಅವರಿಗೆ ಆ ತಂಡದಲ್ಲಿ ಕೊನೆಯ ಋತು. ಚಳಿಗಾಲದ ಬಿಡುವಿನ ಹೊತ್ತಿಗೆ 17 ಪಂದ್ಯಗಳಿಂದ 15 ಅಂಕ, ಹದಿನೆಂಟು ತಂಡಗಳಲ್ಲಿ ಹದಿನೇಳನೆಯ ಸ್ಥಾನ. 18 ಗೋಲು ಹೊಡೆದು 26 ಬಿಟ್ಟುಕೊಟ್ಟಿದ್ದರು. ಕೆಳ ದರ್ಜೆಗೆ ಬೀಳುತ್ತಾರೆ ಎಂಬ ಮಾತು ಗಂಭೀರವಾಗಿಯೇ ನಡೆದಿತ್ತು. ಅವಕಾಶಗಳ ಲೆಕ್ಕದಲ್ಲಿ ಮಾತ್ರ ಅವರು ಕೊನೆಯ ಸಾಲಿನ ತಂಡವಾಗಿರಲೇ ಇಲ್ಲ. ಉಳಿದ 17 ಪಂದ್ಯಗಳಲ್ಲಿ 31 ಅಂಕ, 29 ಗೋಲು ಹೊಡೆದು 16 ಬಿಟ್ಟರು. 46 ಅಂಕದೊಂದಿಗೆ ಏಳನೆಯ ಸ್ಥಾನ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಏಳನೆಯ ಸ್ಥಾನವನ್ನೂ ಗಮನಿಸಿ. ಹಿಂದಿನ ಋತುವಿನಲ್ಲಿ ಅವರು ಎರಡನೆಯವರು. ಅವರ ಸ್ಟ್ರೈಕರ್ ಲೆವಾಂಡೊವ್‌ಸ್ಕಿ ಬಯರ್ನ್‌ಗೆ ಹೋಗಿದ್ದರು. ಆ ನಷ್ಟ ದುರದೃಷ್ಟವಲ್ಲ, ನಿಜ. ಕುಸಿತದ ಒಂದು ಪಾಲು ಸರಿಹೋಯಿತು, ಇನ್ನೊಂದು ಪಾಲು ಹಾಗೇ ಉಳಿಯಿತು.

ಎಕ್ಸ್‌ಜಿ ಹೇಳಿದಂತೆ ಆಗದೇ ಹೋದ ಉದಾಹರಣೆ ಕೊಡಿ.

ಬ್ರೈಟನ್. 2020–21 ರಲ್ಲಿ ಅವರ ಎಕ್ಸ್‌ಜಿ ಲೀಗಿನ ಮೇಲರ್ಧದ ತಂಡದಂತಿತ್ತು. ಹೊಡೆದದ್ದು 40 ಗೋಲು, ಸಿಕ್ಕಿದ್ದು 41 ಅಂಕ, 16ನೆಯ ಸ್ಥಾನ. ಮುಂದಿನ ಋತುವಿನಲ್ಲಿ ಗೋಲುಗಳು ಸುರಿಯುತ್ತವೆ ಎಂದು ಲೆಕ್ಕ ಹಿಡಿದವರೆಲ್ಲ ಕಾದರು. ಬಂದದ್ದು 42. ಅಂಕಗಳು 51 ಕ್ಕೆ ಏರಿ ಒಂಬತ್ತನೆಯ ಸ್ಥಾನ ಸಿಕ್ಕಿತು, ಆ ಮಟ್ಟಿಗೆ ಎಕ್ಸ್‌ಜಿ ಸರಿ. ಆದರೆ ‘ಹೆಚ್ಚು ಗೋಲು’ ಎಂಬ ಮಾರುಕಟ್ಟೆಯಲ್ಲಿ ಅವರ ಮೇಲೆ ಹಣ ಹಾಕಿದವರಿಗೆ ಅದು ನೆರವಾಗಲಿಲ್ಲ. 72 ಗೋಲು ಬಂದದ್ದು ಅದರ ಮುಂದಿನ ಋತು, 2022–23 ರಲ್ಲಿ. ಆ ಹೊತ್ತಿಗೆ ಕೋಚ್ ಬದಲಾಗಿದ್ದರು. ತಂಡ ಪಟ್ಟಿ ತೋರಿಸುವುದಕ್ಕಿಂತ ಒಳ್ಳೆಯದು ಎಂಬುದು ಒಂದು ಮಾತು. ಆ ಒಳ್ಳೆಯತನ ಯಾವ ರೂಪದಲ್ಲಿ, ಯಾವಾಗ ಕಾಣಿಸುತ್ತದೆ ಎಂಬುದು ಬೇರೆಯೇ ಮಾತು.

## ಪಣ ಕಟ್ಟುವ ಮುನ್ನ

ಇಷ್ಟು ದಿನ ಅದೃಷ್ಟ ಕೈಹಿಡಿಯಿತು, ಇನ್ನು ಸೋಲುವ ಸರದಿ ಅಲ್ಲವೇ?

ಅಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಅತಿ ಹೆಚ್ಚು ಹಣ ಕಳೆಯುವ ನಂಬಿಕೆಯೂ ಇದೇ.

ಅದೃಷ್ಟ ಸಾಲವಲ್ಲ, ಯಾರೂ ಅದನ್ನು ಬಡ್ಡಿ ಸಮೇತ ವಸೂಲು ಮಾಡುವುದಿಲ್ಲ. ಕೆಂಪು ತಂಡದ ಆಟಕ್ಕೆ ಹತ್ತು ಪಂದ್ಯಗಳಲ್ಲಿ ಸಿಗಬೇಕಿದ್ದದ್ದು ಸುಮಾರು 14 ಅಂಕ, ಸಿಕ್ಕಿದ್ದು 23. ಮುಂದಿನ ಹತ್ತು ಪಂದ್ಯಗಳಿಗೆ ನಿರೀಕ್ಷೆ ಮತ್ತೆ 14ರ ಸುತ್ತಲೇ. ಹೆಚ್ಚುವರಿ ಒಂಬತ್ತನ್ನು ಕಳೆದು ಐದು ಅಲ್ಲ. ಅದು ಸಾಧಾರಣ ತಂಡವಾಗಿ ಆಡುತ್ತದೆ, ಕೆಟ್ಟ ತಂಡವಾಗಿ ಅಲ್ಲ. ಸಾಧಾರಣ ತಂಡಗಳು ಮನೆಯಂಗಳದಲ್ಲಿ ಬೇಕಾದಷ್ಟು ಪಂದ್ಯ ಗೆಲ್ಲುತ್ತವೆ.

ಇದನ್ನು ನಾನು ಕಲಿತದ್ದು ಕೈಸುಟ್ಟುಕೊಂಡು. ಒಂದು ಋತುವಿನಲ್ಲಿ ಒಂದು ತಂಡ ಅದೃಷ್ಟದಿಂದ ಗೆಲ್ಲುತ್ತಿದೆ ಎಂದು ಖಚಿತ ಮಾಡಿಕೊಂಡು ಆರು ವಾರ ಸತತವಾಗಿ ಅದರ ಎದುರಾಳಿಗಳ ಮೇಲೆ ಪಣ ಕಟ್ಟಿದೆ. ಐದು ಬಾರಿ ಸೋತೆ. ಆಮೇಲೆ ಟಿಪ್ಪಣಿ ತೆಗೆದು ನೋಡಿದರೆ ಮೂರನೆಯ ವಾರದಿಂದಲೇ ಎದುರಾಳಿಗಳ ದರ, ಅಂದರೆ ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ವಾಪಸು ಬರುವ ಮೊತ್ತ, ಇಳಿದಿತ್ತು. ಮಾರುಕಟ್ಟೆ ಆಗಲೇ ಆ ತಂಡವನ್ನು ಸಾಧಾರಣ ಎಂದೇ ತೂಗುತ್ತಿತ್ತು. ನಾನು ದರ ನೋಡುವುದನ್ನೇ ಬಿಟ್ಟು, ನನ್ನ ಮಾತು ನಿಜವಾಗುವುದನ್ನು ಕಾಯುತ್ತಾ ಕುಳಿತಿದ್ದೆ.

ಸರಿ, ಎಕ್ಸ್‌ಜಿಯನ್ನು ದರದ ಜೊತೆ ಹೋಲಿಸುವುದು ಹೇಗೆ? ಒಂದು ಪಂದ್ಯದ ಲೆಕ್ಕ ಮಾಡಿ ತೋರಿಸಿ.

ಕೆಂಪು ತಂಡ ತವರಿನಲ್ಲಿ, ಎಲ್ಲ ರೀತಿಯಲ್ಲೂ ಸರಾಸರಿಯಾದ ನೀಲಿ ತಂಡದ ವಿರುದ್ಧ ಆಡುತ್ತಿದೆ.

ನಾನು ಎಕ್ಸ್‌ಜಿಗೆ ಏಳು ಪಾಲು, ನಿಜವಾದ ಗೋಲಿಗೆ ಮೂರು ಪಾಲು ತೂಕ ಕೊಡುತ್ತೇನೆ. ಗೋಲನ್ನು ಪೂರ್ತಿ ಬಿಡುವುದಿಲ್ಲ, ಏಕೆಂದರೆ ಮಾದರಿಗೆ ಕಾಣದ ಕೌಶಲ ಅದರಲ್ಲಿ ಸ್ವಲ್ಪ ಇರುತ್ತದೆ. ಪೆನಾಲ್ಟಿ ಬಿಟ್ಟು ಪಂದ್ಯಕ್ಕೆ ಎಕ್ಸ್‌ಜಿ 1.12, ಗೋಲು 1.60, ಬೆರೆಸಿದರೆ 1.26. ಸಾಮಾನ್ಯ ತಂಡಕ್ಕೆ ಸಿಗುವ ಪೆನಾಲ್ಟಿಯ ಪಾಲು ಎಂದು 0.10 ಸೇರಿಸಿದರೆ 1.36. ಬಿಟ್ಟುಕೊಡುವ ಕಡೆ 1.18 ಮತ್ತು 0.80 ಬೆರೆಸಿ, ಅದೇ 0.10 ಸೇರಿಸಿದರೆ 1.17. ತವರಿನ ಅನುಕೂಲಕ್ಕೆ ಮೊದಲನೆಯದನ್ನು ಹತ್ತನೆಯ ಒಂದು ಪಾಲು ಏರಿಸಿ, ಎರಡನೆಯದನ್ನು ಅಷ್ಟೇ ಇಳಿಸಿದರೆ ಕೆಂಪು 1.50, ನೀಲಿ 1.05.

ಇದನ್ನು ಗೆಲುವಿನ ಸಾಧ್ಯತೆಯಾಗಿ ಬದಲಿಸಲು, ಸರಾಸರಿಯಿಂದ ಸರಿಯಾಗಿ ಇಷ್ಟೇ ಗೋಲು ಬರುವ ಸಾಧ್ಯತೆಯನ್ನು ಹೇಳುವ ಪ್ವಾಸೋನ್ ವಿತರಣೆ ಸಾಕು. ಸ್ಪ್ರೆಡ್‌ಶೀಟ್‌ನಲ್ಲಿ ಕೆಂಪು ತಂಡ ಸರಿಯಾಗಿ ಎರಡು ಗೋಲು ಹೊಡೆಯುವ ಸಾಧ್ಯತೆ ಹೀಗೆ ಬರುತ್ತದೆ:

```
=POISSON.DIST(2, 1.5, FALSE)
```

ಉತ್ತರ 0.251. ಎರಡೂ ತಂಡಕ್ಕೆ ಸೊನ್ನೆಯಿಂದ ಏಳರವರೆಗೆ ಹೀಗೆ ತೆಗೆದು, ಪ್ರತಿ ಸ್ಕೋರಿಗೂ ಎರಡನ್ನು ಗುಣಿಸಿ, ಗೆಲುವು, ಡ್ರಾ, ಸೋಲು ಎಂದು ಗುಂಪು ಮಾಡಿ ಕೂಡಿ. ಕೆಂಪು ಗೆಲ್ಲುವುದು ನೂರಕ್ಕೆ 47.6, ಡ್ರಾ 25.9, ನೀಲಿ ಗೆಲ್ಲುವುದು 26.5.

ಈಗ ದರ. ಕೆಂಪಿಗೆ 1.95, ಡ್ರಾಗೆ 3.70, ನೀಲಿಗೆ 4.00 ಇದೆ ಎನ್ನೋಣ. ನೀಲಿಯ ಮೇಲೆ ಕಟ್ಟಿದ ಒಂದು ರೂಪಾಯಿಗೆ ನಿರೀಕ್ಷಿತ ವಾಪಸಾತಿ 0.265 × 4.00, ಅಂದರೆ 1.06. ನೂರಕ್ಕೆ ಆರು ಲಾಭ. ಎಷ್ಟೊಂದು ಚೆನ್ನಾಗಿದೆ!

ಇಲ್ಲೇ ನಿಲ್ಲಿಸಬೇಡಿ. ಕೆಂಪು ತಂಡದ 1.50 ಎಂಬುದು ನನ್ನ ಅಂದಾಜು. ಅದನ್ನು 1.60 ಮಾಡಿ ಮತ್ತೆ ಲೆಕ್ಕ ಹಾಕಿದರೆ ನೀಲಿಯ ಸಾಧ್ಯತೆ 24.9 ಕ್ಕೆ ಇಳಿಯುತ್ತದೆ, ವಾಪಸಾತಿ 0.996. ಲಾಭವೇ ಮಾಯ. ಗೋಲಿನ ಹತ್ತನೆಯ ಒಂದು ಭಾಗ ಅಂದಾಜು ತಪ್ಪಿದರೆ ಇಡೀ ಪಣಕ್ಕೆ ಅರ್ಥವಿಲ್ಲ. ಹತ್ತು ಪಂದ್ಯಗಳ ಅಂಕಿಯಿಂದ ಅಷ್ಟು ನಿಖರತೆ ಬರುವುದಿಲ್ಲ. ಅದಕ್ಕೇ ನಾನು ಪ್ರತಿ ಲೆಕ್ಕವನ್ನೂ ನನ್ನ ವಿರುದ್ಧ 0.1 ಜರುಗಿಸಿ ಇನ್ನೊಮ್ಮೆ ಮಾಡುತ್ತೇನೆ. ಆಗಲೂ ಲಾಭ ಉಳಿದರೆ ಮಾತ್ರ ಮುಂದೆ. ಬಹುಪಾಲು ಪಂದ್ಯಗಳು ಇಲ್ಲೇ ಬಿದ್ದುಹೋಗುತ್ತವೆ. ಈ ಪಂದ್ಯವನ್ನೂ ನಾನು ಬಿಡುತ್ತಿದ್ದೆ.

ಬುಕ್‌ಮೇಕರ್‌ಗಳಿಗೆ ಇದೆಲ್ಲ ಮೊದಲೇ ಗೊತ್ತಿರುವುದಿಲ್ಲವೇ?

ಗೊತ್ತಿರುತ್ತದೆ. ಬಿಬಿಸಿಯ ಪಂದ್ಯ ಮುಖ್ಯಾಂಶಗಳ ಕಾರ್ಯಕ್ರಮ 2017 ರಿಂದಲೇ ಎಕ್ಸ್‌ಜಿ ತೋರಿಸುತ್ತಿದೆ. ಟೀವಿಯಲ್ಲಿ ಬರುವ ಅಂಕಿ ಗುಟ್ಟಲ್ಲ. ಬ್ರೈಟನ್‌ನ ಮಾಲೀಕ ಟೋನಿ ಬ್ಲೂಮ್, ಬ್ರೆಂಟ್‌ಫರ್ಡ್‌ನ ಮ್ಯಾಥ್ಯೂ ಬೆನ್‌ಹ್ಯಾಮ್ ಇಬ್ಬರೂ ಇಂಥ ಲೆಕ್ಕಗಳ ಮೇಲೆ ಪಣದ ಉದ್ಯಮ ಕಟ್ಟಿ ಬೆಳೆದವರು. ದೊಡ್ಡ ಲೀಗಿನ ಗೆಲುವು–ಸೋಲಿನ ದರದಲ್ಲಿ ಬರೀ ಎಕ್ಸ್‌ಜಿಯಿಂದ ಲಾಭ ಹುಡುಕುವುದು ಇಂದು ಬಹಳ ಕಷ್ಟ.

ಹಾಗಾದರೆ ಇದರ ಉಪಯೋಗ? ನನ್ನ ಮಟ್ಟಿಗೆ ಅದು ಹೆಚ್ಚಾಗಿ ತಡೆಯುವ ಕೆಲಸ ಮಾಡುತ್ತದೆ. ಏಳು ಗೆಲುವು ಕಂಡು ಕೆಂಪು ತಂಡದ ಮೇಲೆ 1.95 ಕ್ಕೆ ಹಣ ಹಾಕಲು ಹೊರಟವನಿಗೆ ನ್ಯಾಯವಾದ ದರ 2.10 ಎಂದು ತೋರಿಸಿ ನಿಲ್ಲಿಸುತ್ತದೆ. ದರ ನಿಮ್ಮ ಲೆಕ್ಕದಿಂದ ಬಹಳ ದೂರ ಇದ್ದರೆ ಮೊದಲು ನಿಮ್ಮ ಲೆಕ್ಕವನ್ನೇ ಅನುಮಾನಿಸಿ: ಯಾರಿಗೋ ಗಾಯವಾಗಿರಬಹುದು, ವಾರದ ಮಧ್ಯೆ ಇನ್ನೊಂದು ದೊಡ್ಡ ಪಂದ್ಯವಿದ್ದು ಅರ್ಧ ತಂಡಕ್ಕೆ ವಿಶ್ರಾಂತಿ ಕೊಟ್ಟಿರಬಹುದು. ಎಕ್ಸ್‌ಜಿಗೆ ಅದು ಯಾವುದೂ ತಿಳಿಯದು. ಪಣಕ್ಕೆ ನಿಮ್ಮಲ್ಲಿ ಕಾನೂನಿನ ಅನುಮತಿ ಇಲ್ಲದಿದ್ದರೆ ಲೆಕ್ಕ ಕಾಗದದಲ್ಲೇ ಇರಲಿ; ಆಟವನ್ನು ಓದುವ ಸುಖಕ್ಕೆ ಅದರಿಂದ ಕೊರತೆಯಿಲ್ಲ.

ನನ್ನ ಲೆಕ್ಕ ಸರಿಯೋ ತಪ್ಪೋ ಎಂದು ಕೊನೆಗೆ ಹೇಗೆ ತಿಳಿಯಲಿ? ಗೆದ್ದ ಹಣ ನೋಡಿದರೆ ಸಾಲದೇ?

ಸಾಲದು, ಮತ್ತು ಕೆಂಪು ತಂಡಕ್ಕೆ ಹೇಳಿದ ಕಾರಣವೇ ಇಲ್ಲೂ ಇದೆ: ನಿಮ್ಮ ಪಣಗಳಿಗೂ ಅದೃಷ್ಟ ಇದೆ. 4.00 ದರದಲ್ಲಿ, ನಿಜವಾಗಿಯೂ ನೂರಕ್ಕೆ ಆರು ಲಾಭವಿರುವ ನೂರು ಪಣ ಕಟ್ಟಿದಿರಿ ಎನ್ನೋಣ. ನಿರೀಕ್ಷಿತ ಲಾಭ ಆರು ಪಣದಷ್ಟು. ತೂಗಾಟ ಎರಡೂ ಕಡೆ ಹದಿನೇಳು, ಹದಿನೆಂಟು ಪಣದಷ್ಟು. ಸರಿಯಾದ ಲೆಕ್ಕವಿದ್ದೂ ನೂರು ಪಣದ ಕೊನೆಗೆ ನಷ್ಟದಲ್ಲಿರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ತಪ್ಪು ಲೆಕ್ಕದವರೂ ಅಷ್ಟೇ ಸುಲಭವಾಗಿ ಲಾಭ ಕಾಣುತ್ತಾರೆ. ಆದ್ದರಿಂದ ಪ್ರತಿ ಪಣ ಕಳೆದುಕೊಂಡರೂ ಬದುಕು ಅಲುಗದಷ್ಟು ಸಣ್ಣದಿರಬೇಕು. ನಾನು ಇದಕ್ಕೆಂದೇ ತೆಗೆದಿಟ್ಟ ಮೊತ್ತದ ನೂರನೆಯ ಒಂದು ಭಾಗವನ್ನು ದಾಟುವುದಿಲ್ಲ.

ಹಣಕ್ಕಿಂತ ಬೇಗ ಮಾತಾಡುವುದು ಪಂದ್ಯ ಆರಂಭವಾಗುವ ಕ್ಷಣದ ಕೊನೆಯ ದರ. ನೀವು 4.00 ಕ್ಕೆ ಕಟ್ಟಿದ ಮೇಲೆ ಅದು 3.70 ಕ್ಕೆ ಇಳಿದು ನಿಂತರೆ, ನಿಮಗಿಂತ ಹೆಚ್ಚು ಮಾಹಿತಿ ಇರುವವರು ನಿಮ್ಮ ದಿಕ್ಕಿನಲ್ಲೇ ಬಂದರು ಎಂದರ್ಥ. 4.30 ಕ್ಕೆ ಏರಿದರೆ ಅವರು ಬೇರೆ ಏನನ್ನೋ ಕಂಡಿದ್ದಾರೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಸಾಲಿಗೆ ಐದು ಅಂಕಣಗಳಿವೆ: ದಿನಾಂಕ, ನನ್ನ ಸಾಧ್ಯತೆ, ಕಟ್ಟಿದ ದರ, ಕೊನೆಯ ದರ, ಫಲಿತಾಂಶ. ಐವತ್ತು ಸಾಲು ತುಂಬಿದ ಮೇಲೆ ಹೆಚ್ಚಿನ ಸಾಲುಗಳಲ್ಲಿ ನಾಲ್ಕನೆಯ ಅಂಕಣ ಮೂರನೆಯದಕ್ಕಿಂತ ಕಡಿಮೆ ಇದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ, ಐದನೆಯ ಅಂಕಣ ಎಷ್ಟೇ ಲಾಭ ತೋರಿಸುತ್ತಿದ್ದರೂ, ಪಣ ನಿಲ್ಲಿಸಿ ಲೆಕ್ಕಕ್ಕೆ ಮರಳುತ್ತೇನೆ.